ಒಂದು ವಿಡಿಯೊ, ಇಬ್ಬರು ಒಡೆಯರು

ಅಡಿಕೆಯ ಕೊಳೆರೋಗದ ಬಗ್ಗೆ ಖಾಸಗಿ ಸಲಹೆಗಾರರೊಬ್ಬರು ರೈತರ ಸಭೆಯಲ್ಲಿ ಒಂದು ಗಂಟೆ ಮಾತನಾಡುತ್ತಾರೆ. ಸಂಘಟಕರು ಅದನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುತ್ತಾರೆ. ನಿಮ್ಮ ಊರಿನ ಸಂಘದ ಮಾಸಪತ್ರಿಕೆಗೆ ಅದರಿಂದ ಒಂದು ಸ್ಕ್ರೀನ್‌ಶಾಟ್, ಇಡೀ ಮಾತಿನ ಬರಹರೂಪ, ಜೊತೆಗೆ ವಾಟ್ಸ್ಆ್ಯಪ್ ಗುಂಪಿಗೆ ಅರ್ಧ ನಿಮಿಷದ ತುಣುಕು ಬೇಕು ಎಂದುಕೊಳ್ಳಿ. ಯಾರನ್ನು ಕೇಳಬೇಕು?

ಸ್ಕ್ರೀನ್‌ಶಾಟ್ ಬರೀ ಒಂದು ಚಿತ್ರ, ಅದಕ್ಕೇನು ಅನುಮತಿ ಎಂದು ಅನ್ನಿಸಬಹುದು. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಚಲನಚಿತ್ರದ ಯಾವುದೇ ದೃಶ್ಯದ ಫೋಟೊ ತೆಗೆಯುವುದೂ ಅದರ ಪ್ರತಿ ಮಾಡಿದಂತೆಯೇ. ಕಾಯ್ದೆಯ ಕಣ್ಣಲ್ಲಿ ವಿಡಿಯೊ ಕೂಡ ಚಲನಚಿತ್ರವೇ. ಹಾಗಾಗಿ ಸ್ಕ್ರೀನ್‌ಶಾಟಿಗೂ ತುಣುಕಿಗೂ ವಿಡಿಯೊ ಮಾಡಿಸಿದವರ ಒಪ್ಪಿಗೆ ಬೇಕು.

ಮಾತಿನ ಲೆಕ್ಕ ಬೇರೆ. ಸಾರ್ವಜನಿಕ ಭಾಷಣದ ಮೊದಲ ಒಡೆಯರು ಸಾಮಾನ್ಯವಾಗಿ ಭಾಷಣಕಾರರೇ; ಕ್ಯಾಮೆರಾ ಹಿಡಿದವರಲ್ಲ. ಸಂಘಟಕರು "ಹಾಕ್ಕೊಳ್ಳಿ" ಎಂದರೂ, ಪೂರ್ತಿ ಮಾತನ್ನು ಅಚ್ಚು ಹಾಕಲು ಸಲಹೆಗಾರರನ್ನೂ ಕೇಳಬೇಕಾಗುತ್ತದೆ. ಯೂಟ್ಯೂಬ್ ತಾನಾಗಿಯೇ ಬರೆದು ತೋರಿಸುವ ಸಾಲುಗಳನ್ನು ಎತ್ತಿಕೊಂಡರೂ ಮಾತು ಅವರದ್ದೇ.

ಆದರೆ ಮಾಹಿತಿಗೆ ಒಡೆಯರಿಲ್ಲ. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು ಸೇರಿದರೆ ಶೇಕಡ 1ರ ಬೋರ್ಡೋ ದ್ರಾವಣ ಎಂಬುದನ್ನು ಯಾರು ಬೇಕಾದರೂ ತಮ್ಮ ಮಾತಿನಲ್ಲಿ ಬರೆಯಬಹುದು. ವಿಚಾರಕ್ಕೆ ಕೃತಿಸ್ವಾಮ್ಯವಿಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಅನುಮತಿಯಿಲ್ಲದೆ ಬಳಸಲು 52ನೇ ಸೆಕ್ಷನ್ ಕಿಂಡಿಯೊಂದನ್ನು ಬಿಟ್ಟಿದೆ: ಸ್ವಂತ ಅಧ್ಯಯನ, ವಿಮರ್ಶೆ, ಪ್ರಚಲಿತ ವಿದ್ಯಮಾನದ ವರದಿ. "ಹತ್ತು ಸೆಕೆಂಡಿನೊಳಗಿದ್ದರೆ ತೊಂದರೆಯಿಲ್ಲ" ಎಂಬ ಮಾತು ಮಾತ್ರ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ನ್ಯಾಯಾಲಯ ನೋಡುವುದು ಎಷ್ಟು ತೆಗೆದಿರಿ, ಯಾತಕ್ಕೆ, ಅದು ಮೂಲದ ಜಾಗವನ್ನೇ ಕಸಿಯುತ್ತದೆಯೇ ಎಂದು. ಸಲಹೆಗಾರರ ಎರಡು ವಾಕ್ಯ ಉದ್ಧರಿಸಿ, ಅದು ನಮ್ಮ ತೋಟಕ್ಕೆ ಏಕೆ ಒಗ್ಗದು ಎಂದು ಚರ್ಚಿಸಿದರೆ ಅದು ವಿಮರ್ಶೆ. ಇಡೀ ಭಾಷಣ ಅಚ್ಚಾದರೆ ಓದುಗರಿಗೆ ವಿಡಿಯೊ ನೋಡುವ ಅಗತ್ಯವೇ ಉಳಿಯದು. ಕೆಳಗೆ "ಕೃಪೆ: ಯೂಟ್ಯೂಬ್" ಎಂದು ಬರೆದ ಮಾತ್ರಕ್ಕೆ ಅದು ಅನುಮತಿಯಾಗದು.

ವಿಡಿಯೊದ ವಿವರಣೆಯಲ್ಲಿ "ಕ್ರಿಯೇಟಿವ್ ಕಾಮನ್ಸ್" ಎಂದಿದ್ದರೆ ಹೆಸರು ನಮೂದಿಸಿ ಬಳಸಬಹುದು. ಆದರೆ ಹಿನ್ನೆಲೆಯಲ್ಲಿ ಸಿನಿಮಾ ಹಾಡಿದ್ದರೆ, ಆ ಹಾಡನ್ನು ದಾನ ಕೊಡುವ ಹಕ್ಕು ವಿಡಿಯೊ ಹಾಕಿದವರಿಗೂ ಇರಲಿಲ್ಲ.

ಕೇಳುವಾಗ ವಿಡಿಯೊದ ಕೊಂಡಿ, ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷದವರೆಗೆ, ಯಾವ ಸಂಚಿಕೆ, ವಾಟ್ಸ್ಆ್ಯಪಿಗೂ ಹೋಗುತ್ತದೆಯೇ ಎಂಬುದನ್ನೆಲ್ಲ ಬರೆದೇ ಕೇಳಿ. ಉತ್ತರ ಬಾರದಿದ್ದರೆ ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ದ್ರಾವಣದ ಅಳತೆಯನ್ನು ನಿಮ್ಮ ಮಾತಿನಲ್ಲಿ ಬರೆದು, ವಿಡಿಯೊದ ಕೊಂಡಿ ಕೊಟ್ಟುಬಿಡಿ.