ಮೂಲೆ ಕತ್ತರಿಸುತ್ತಾ ಹೋದರೆ ಕೊನೆಗೆ ಉಳಿಯುವ ಗೆರೆ

ಹಾಳೆಯ ಮೇಲೆ 8 ಸೆಂ.ಮೀ. ಬಾಹುವಿನ ಒಂದು ಚೌಕ ಬರೆಯಿರಿ. ಪ್ರತಿ ಬಾಹುವಿನ ಮೇಲೂ ಎರಡು ತುದಿಗಳಿಂದ ಕಾಲುಭಾಗದಷ್ಟು ಒಳಗೆ, ಅಂದರೆ 2 ಸೆಂ.ಮೀ. ದೂರದಲ್ಲಿ, ಒಂದೊಂದು ಚುಕ್ಕೆ ಇಡಿ. ಪ್ರತಿ ಮೂಲೆಯ ಆಚೀಚೆ ಇರುವ ಎರಡು ಚುಕ್ಕೆಗಳನ್ನು ಗೆರೆಯಿಂದ ಸೇರಿಸಿ, ಮೂಲೆಯನ್ನು ಅಳಿಸಿಬಿಡಿ. ನಾಲ್ಕು ಮೂಲೆ ಹೋಗಿ ಎಂಟು ಮೂಲೆಯ ಆಕೃತಿ ಬಂತು. ಅದರ ಬಾಹುಗಳ ಮೇಲೂ ಇದನ್ನೇ ಮಾಡಿದರೆ ಹದಿನಾರು, ಮತ್ತೊಮ್ಮೆ ಮಾಡಿದರೆ ಮೂವತ್ತೆರಡು. ಐದನೆಯ ಸುತ್ತಿಗೆ 128 ಮೂಲೆಗಳಾಗುತ್ತವೆ. ಆಗ ಒಂದೊಂದು ಮೂಲೆಯಲ್ಲಿ ಗೆರೆ ತಿರುಗುವುದು ಸರಾಸರಿ ಮೂರು ಡಿಗ್ರಿಗಿಂತಲೂ ಕಡಿಮೆ. ಕಣ್ಣಿಗೆ ಕಾಣುವುದು ನಯವಾದ ವಕ್ರರೇಖೆ ಮಾತ್ರ.

ಕಂಪ್ಯೂಟರಿನಲ್ಲಿ ವಕ್ರರೇಖೆಗಳನ್ನು ವೇಗವಾಗಿ ಬರೆಯಲು ಜಾರ್ಜ್ ಚೈಕಿನ್ 1974ರಲ್ಲಿ ಪ್ರಕಟಿಸಿದ ವಿಧಾನ ಇದು. ಲೆಕ್ಕ ತೀರ ಸರಳ: ಹೊಸ ಚುಕ್ಕೆಯೆಂದರೆ ಒಂದು ತುದಿಯ ಮುಕ್ಕಾಲು, ಇನ್ನೊಂದು ತುದಿಯ ಕಾಲು. ಕೂಡುವುದು, ಅರ್ಧ ಮಾಡುವುದು ಇಷ್ಟೇ ಗೊತ್ತಿದ್ದರೂ ಯಂತ್ರಕ್ಕೆ ಸಾಕು.

ಆದರೆ ಕತ್ತರಿಸುವುದು ಮುಗಿಯುವುದೇ ಇಲ್ಲವೆಂದಾದರೆ ಕೊನೆಗೆ ಉಳಿಯುವುದೇನು? ಚೌಕದಿಂದ ಹೊರಟದ್ದರಿಂದ ವೃತ್ತ ಸಿಗುತ್ತದೆ ಎಂದು ಹೆಚ್ಚಿನವರು ಊಹಿಸುತ್ತಾರೆ. ಊಹೆ ಸರಿಯಲ್ಲ, ಮತ್ತು ಅದು ಯಾಕೆ ಸರಿಯಲ್ಲ ಎಂಬುದರಲ್ಲೇ ಈ ವಿಧಾನದ ಗುಟ್ಟೆಲ್ಲ ಇದೆ.

ಯಾವುದಾದರೂ ಒಂದು ಬಾಹುವನ್ನು ಹಿಡಿದು ನೋಡಿ. ಪ್ರತಿ ಸುತ್ತಿನಲ್ಲಿ ಅದರ ಎರಡು ತುದಿಗಳಿಂದ ಕಾಲುಕಾಲು ಭಾಗ ಹೋಗಿ ನಡುವಿನ ಅರ್ಧ ಉಳಿಯುತ್ತದೆ. 8 ಸೆಂ.ಮೀ. ಇದ್ದದ್ದು 4, ಆಮೇಲೆ 2, ಆಮೇಲೆ 1. ಎಷ್ಟೇ ಸುತ್ತು ಕತ್ತರಿಸಿದರೂ ಅದರ ಮಧ್ಯಬಿಂದುವಿಗೆ ಕತ್ತರಿ ತಾಗುವುದೇ ಇಲ್ಲ. ಹಾಗಾಗಿ ಆ ಬಿಂದು ಕೊನೆಯ ರೇಖೆಯ ಮೇಲೆ ಇದ್ದೇ ಇರುತ್ತದೆ, ಮತ್ತು ರೇಖೆ ಅಲ್ಲಿ ಆ ಬಾಹುವನ್ನು ಸವರಿಕೊಂಡು ಸಾಗುತ್ತದೆ. ಇದು ಮೊದಲಿನ ನಾಲ್ಕು ಬಾಹುಗಳಿಗಷ್ಟೇ ಅಲ್ಲ, ನಡುವೆ ಯಾವ ಸುತ್ತಿನಲ್ಲಿ ಹುಟ್ಟಿದ ಬಾಹುವಿಗೂ ಅನ್ವಯಿಸುತ್ತದೆ.

ಈಗ ಅಳೆದು ನೋಡಬಹುದು. ಚೌಕದ ನಡುವಿನಿಂದ ಬಾಹುವಿನ ಮಧ್ಯಬಿಂದುವಿಗೆ 4 ಸೆಂ.ಮೀ. ಮೊದಲ ಸುತ್ತಿನಲ್ಲಿ ಮೂಲೆಗೆ ಅಡ್ಡಲಾಗಿ ಹುಟ್ಟಿದ ಗೆರೆಯ ಮಧ್ಯಬಿಂದುವಿಗೆ ಸುಮಾರು 4.24 ಸೆಂ.ಮೀ. ಎರಡೂ ಕೊನೆಯ ರೇಖೆಯ ಮೇಲಿರುವ ಬಿಂದುಗಳೇ. ವೃತ್ತವಾಗಿದ್ದರೆ ಎರಡು ದೂರವೂ ಒಂದೇ ಆಗಬೇಕಿತ್ತು.

ವಿಸ್ತೀರ್ಣವೂ ಇದನ್ನೇ ಹೇಳುತ್ತದೆ. ಚೌಕದ್ದು 64 ಚದರ ಸೆಂ.ಮೀ. ಮೊದಲ ಸುತ್ತಿನಲ್ಲಿ ಕಳೆಯುವುದು 8, ಎರಡನೆಯದರಲ್ಲಿ 2, ಮೂರನೆಯದರಲ್ಲಿ ಅರ್ಧ. ಪ್ರತಿ ಸಲವೂ ಹಿಂದಿನದರ ಕಾಲುಭಾಗ. ಎಲ್ಲ ಕೂಡಿದರೆ ಸುಮಾರು 10.67 ಆಗುತ್ತದೆ, ಉಳಿಯುವುದು 53.33. ಒಳಗೆ ಹಿಡಿಸುವ ವೃತ್ತದ್ದು ಸುಮಾರು 50.27 ಮಾತ್ರ. ಕಾಲುಕಾಲಾಗಿ ಇಳಿಯುವ ಇದೇ ಮೊತ್ತವನ್ನು ಆರ್ಕಿಮಿಡೀಸ್ ಎರಡು ಸಾವಿರ ವರ್ಷಗಳಿಗೂ ಹಿಂದೆ ಪರವಲಯದ ವಿಸ್ತೀರ್ಣ ಕಂಡುಹಿಡಿಯಲು ಬಳಸಿದ್ದ. ಇದು ಕಾಕತಾಳೀಯವಲ್ಲ. ಚೈಕಿನ್‌ನ ಕೊನೆಯ ರೇಖೆ ಪರವಲಯದ ತುಂಡುಗಳಿಂದಲೇ ಆದದ್ದು, ಒಂದು ಮೂಲೆಗೆ ಒಂದು ತುಂಡು, ಮಧ್ಯಬಿಂದುವಿನಿಂದ ಮಧ್ಯಬಿಂದುವಿಗೆ. ಇದನ್ನು 1975ರಲ್ಲಿ ತೋರಿಸಿದವರು ರಿಚರ್ಡ್ ರೀಸನ್‌ಫೆಲ್ಡ್. ಗಣಿತದಲ್ಲಿ ಅದಾಗಲೇ ಪರಿಚಿತವಾಗಿದ್ದ ಎರಡನೆಯ ಘಾತದ ಬಿ-ಸ್ಪ್ಲೈನ್ ಎಂಬ ರೇಖೆಯೇ ಇದು.

ಕಾಲುಭಾಗವೇ ಯಾಕೆ, ಮೂರರಲ್ಲೊಂದು ಭಾಗ ಕತ್ತರಿಸಿದರೆ ಆಗದೇ? ಜಾರ್ಜ್ ಡಿ ರಾಮ್ ಎಂಬ ಸ್ವಿಸ್ ಗಣಿತಜ್ಞ 1947ರಲ್ಲೇ ಅದನ್ನು ಪರಿಶೀಲಿಸಿದ್ದರು. ಆಗಲೂ ಮೂಲೆಗಳು ಮಾಯವಾಗುತ್ತವೆ, ರೇಖೆ ನಯವಾಗಿಯೇ ಕಾಣುತ್ತದೆ. ಆದರೆ ಬಾಹುಗಳು ಮೂರರಲ್ಲೊಂದಾಗಿ ಬೇಗ ಕುಗ್ಗುತ್ತವೆ, ಅವುಗಳ ನಡುವಿನ ಕೋನ ಮಾತ್ರ ಅಷ್ಟು ಬೇಗ ಕುಗ್ಗುವುದಿಲ್ಲ. ಹೀಗಾಗಿ ಮಧ್ಯಬಿಂದುಗಳ ಬಳಿ ರೇಖೆಯ ಬಾಗು ಮಿತಿಯಿಲ್ಲದೆ ತೀವ್ರವಾಗುತ್ತದೆ. ಕಾಲುಭಾಗದಲ್ಲಿ ಉದ್ದ, ಕೋನ ಎರಡೂ ಅರ್ಧರ್ಧವಾಗಿ ಜೊತೆಯಲ್ಲೇ ಇಳಿಯುವುದರಿಂದ ಬಾಗು ಹಿಡಿತದಲ್ಲಿರುತ್ತದೆ.

ಚೈಕಿನ್‌ನ ರೇಖೆಗೂ ಒಂದು ಕೊರತೆಯಿದೆ. ಅದರ ದಿಕ್ಕು ಎಲ್ಲಿಯೂ ಥಟ್ಟನೆ ಬದಲಾಗುವುದಿಲ್ಲ, ಆದರೆ ಬಾಗಿನ ತೀವ್ರತೆ ಬದಲಾಗಬಹುದು. ಅಂಕುಡೊಂಕಾದ ಗೆರೆಯಿಂದ ಹೊರಟರೆ ಎಡಕ್ಕೆ ಬಾಗುತ್ತಿದ್ದ ರೇಖೆ ಮಧ್ಯಬಿಂದು ದಾಟಿದ ಕ್ಷಣವೇ ಬಲಕ್ಕೆ ಬಾಗತೊಡಗುತ್ತದೆ. ಪರದೆಯ ಮೇಲಿನ ಚಿತ್ರಕ್ಕೆ ಇದರಿಂದ ತೊಂದರೆಯಿಲ್ಲ. ರೈಲು ಹಳಿಗೆ ಮಾತ್ರ ಇಂಥ ರೇಖೆ ಒಗ್ಗುವುದಿಲ್ಲ, ಅಲ್ಲಿ ಬಾಗು ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು.

ಎಲ್ಲೋ ಒಂದು ಮೂಲೆ ಮೊನಚಾಗಿಯೇ ಉಳಿಯಬೇಕೆಂದರೆ ಆ ಬಿಂದುವನ್ನು ಪಟ್ಟಿಯಲ್ಲಿ ಎರಡು ಸಲ ಬರೆದರಾಯಿತು. ಎರಡರ ನಡುವೆ ಶೂನ್ಯ ಉದ್ದದ ಬಾಹು ಹುಟ್ಟುತ್ತದೆ, ಅದರ ಮಧ್ಯಬಿಂದು ಆ ಮೂಲೆಯೇ ಆಗಿರುವುದರಿಂದ ರೇಖೆ ಅಲ್ಲಿಗೆ ಹೋಗಲೇಬೇಕು.

ಪ್ರೋಗ್ರಾಂ ಬರೆದು ನೋಡುವವರು ಕೊನೆಯ ಬಿಂದುವನ್ನು ಮೊದಲನೆಯದಕ್ಕೆ ಸೇರಿಸಲು ಮರೆಯುವುದುಂಟು. ಆಗ ಒಂದು ಬಾಹುವೇ ಕಾಣೆಯಾಗಿ, ಆಕೃತಿ ಅಲ್ಲಿ ಬಾಯಿ ತೆರೆದುಕೊಳ್ಳುತ್ತದೆ. ಅದಕ್ಕೇ ಶುರುಮಾಡುವ ಮೊದಲು ಮೂಲ ಆಕೃತಿಯ ಬಾಹುಗಳ ಮಧ್ಯಬಿಂದುಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿಟ್ಟುಕೊಳ್ಳಿ. ಐದು ಸುತ್ತಿನ ಬಳಿಕ ನಿಮ್ಮ ರೇಖೆ ಅವುಗಳಲ್ಲಿ ಒಂದನ್ನು ಬಿಟ್ಟು ಹೋಗಿದ್ದರೂ ಲೆಕ್ಕ ತಪ್ಪಿದೆಯೆಂದೇ ತಿಳಿಯಿರಿ.