ಹದಿನೈದು ಲಕ್ಷದ ಪ್ಯಾಕೇಜು, ತೊಂಬತ್ತನಾಲ್ಕು ಸಾವಿರದ ಸಂಬಳ

ಮಗನಿಗೆ ಬೆಂಗಳೂರಿನ ಕಂಪನಿಯೊಂದರಲ್ಲಿ 15 ಲಕ್ಷದ ಕೆಲಸ ಸಿಕ್ಕಿತು ಎಂದು ಕೇಳಿದ ತಕ್ಷಣ ನೆಂಟರು ಮಾಡುವ ಮೊದಲ ಕೆಲಸ, ಆ ಮೊತ್ತವನ್ನು ಹನ್ನೆರಡರಿಂದ ಭಾಗಿಸುವುದು. ತಿಂಗಳಿಗೆ ಒಂದೂಕಾಲು ಲಕ್ಷ! ಆದರೆ ಮೊದಲ ತಿಂಗಳ ಕೊನೆಗೆ ಬ್ಯಾಂಕಿನಿಂದ ಬರುವ ಮೆಸೇಜಿನಲ್ಲಿರುವುದು 94,600 ರೂಪಾಯಿ. ನಡುವಿನ ಮೂವತ್ತು ಸಾವಿರ ಎಲ್ಲಿ ಹೋಯಿತು? ತೆರಿಗೆಗೆ ಹೋಯಿತು ಎನ್ನುವುದು ಸಾಮಾನ್ಯ ಊಹೆ. ಈ ಉದಾಹರಣೆಯಲ್ಲಿ ಆ ತಿಂಗಳು ಆದಾಯ ತೆರಿಗೆಯಾಗಿ ಒಂದು ರೂಪಾಯಿಯೂ ಹೋಗಿಲ್ಲ.

ಸಿಟಿಸಿ ಅಂದರೆ ಒಬ್ಬ ನೌಕರನಿಗಾಗಿ ಕಂಪನಿ ವರ್ಷವೊಂದಕ್ಕೆ ಮಾಡುವ ಒಟ್ಟು ಖರ್ಚು. ಅದು ನೌಕರನ ಸಂಬಳವಲ್ಲ. ಆಫರ್ ಲೆಟರಿನ ಕೊನೆಯಲ್ಲಿ ಅನುಬಂಧ ಎಂದು ಒಂದು ಪಟ್ಟಿ ಇರುತ್ತದಲ್ಲ, ಹೆಚ್ಚಿನವರು ಓದದೆ ಸಹಿ ಹಾಕುವ ಆ ಹಾಳೆಯಲ್ಲೇ ಎಲ್ಲ ಲೆಕ್ಕವೂ ಇದೆ. ನಾವು ತೆಗೆದುಕೊಂಡಿರುವ ಉದಾಹರಣೆಯಲ್ಲಿ ಆ ಪಟ್ಟಿ ಹೀಗಿದೆ ಎಂದುಕೊಳ್ಳಿ. ಮೂಲ ವೇತನ, ಎಂದರೆ ಬೇಸಿಕ್, ತಿಂಗಳಿಗೆ 60,000. ಮನೆ ಬಾಡಿಗೆ ಭತ್ಯೆ 24,000. ವಿಶೇಷ ಭತ್ಯೆ 18,000. ಮೂರೂ ಸೇರಿ ತಿಂಗಳಿಗೆ 1,02,000, ವರ್ಷಕ್ಕೆ 12,24,000. ಉಳಿದ 2,76,000 ರೂಪಾಯಿ ತಿಂಗಳ ಸಂಬಳದ ಲೆಕ್ಕಕ್ಕೇ ಬರುವುದಿಲ್ಲ.

ಅದರಲ್ಲಿ ದೊಡ್ಡ ಪಾಲು ವೇರಿಯಬಲ್ ಪೇ, 1,50,000. ಕಂಪನಿ ಚೆನ್ನಾಗಿ ನಡೆದು, ನಿಮ್ಮ ಕೆಲಸವೂ ಮ್ಯಾನೇಜರಿಗೆ ಮೆಚ್ಚುಗೆಯಾದರೆ ವರ್ಷಕ್ಕೊಮ್ಮೆ ಬರುವ ಹಣ ಇದು. ಪೂರ್ತಿ ಬರಲೇಬೇಕೆಂದೇನೂ ಇಲ್ಲ. ಇನ್ನು 86,400 ರೂಪಾಯಿ ಪಿಎಫ್‌ಗೆ ಕಂಪನಿ ಹಾಕುವ ಪಾಲು. ಸುಮಾರು 5,000 ಆರೋಗ್ಯ ವಿಮೆಯ ಪ್ರೀಮಿಯಂ. ಕೊನೆಯದು ಗ್ರಾಚ್ಯುಟಿ, 34,615. ಒಂದು ವರ್ಷದ ಸೇವೆಗೆ ಹದಿನೈದು ದಿನದ ಬೇಸಿಕ್, ತಿಂಗಳಿಗೆ 26 ದಿನ ಎಂಬ ಲೆಕ್ಕದಲ್ಲಿ ಈ ಮೊತ್ತ ಬರುತ್ತದೆ. ಕಾಯಂ ನೌಕರನಿಗೆ ಇದು ದಕ್ಕಬೇಕಾದರೆ ಸಾಮಾನ್ಯವಾಗಿ ಐದು ವರ್ಷ ಅದೇ ಕಂಪನಿಯಲ್ಲಿರಬೇಕು. ಎರಡು ಮೂರು ವರ್ಷಕ್ಕೊಮ್ಮೆ ಕೆಲಸ ಬದಲಿಸುವವರಿಗೆ ಈ ಹಣ ಆಫರ್ ಲೆಟರಿನಲ್ಲಿ ಕಾಣುತ್ತದೆಯೇ ಹೊರತು ಕೈಗೆ ಬರುವುದಿಲ್ಲ. ಇದನ್ನು ಪ್ಯಾಕೇಜಿನೊಳಗೆ ಸೇರಿಸಿ ಮೊತ್ತ ಹಿಗ್ಗಿಸುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಆದರೂ ಬಹಳಷ್ಟು ಕಂಪನಿಗಳು ಹಾಗೆಯೇ ಮಾಡುತ್ತವೆ.

ಹೀಗೆ ಯಾವ ಕಡಿತವೂ ಶುರುವಾಗುವ ಮೊದಲೇ ಒಂದೂಕಾಲು ಲಕ್ಷ ಹೋಗಿ 1,02,000 ಆಯಿತು. ಪೇ ಸ್ಲಿಪ್ಪಿನ ಎಡಗಡೆ ಕಾಣುವ ಒಟ್ಟು ಮೊತ್ತ ಇದೇ. ಬಲಗಡೆಯ ಕಡಿತಗಳು ಶುರುವಾಗುವುದು ಇಲ್ಲಿಂದ.

ಮೊದಲನೆಯದು ಪಿಎಫ್. ನೌಕರ ತನ್ನ ಬೇಸಿಕ್‌ನ ಶೇ 12ರಷ್ಟು ಹಾಕಬೇಕು, ಕಂಪನಿಯೂ ಅಷ್ಟೇ ಹಾಕಬೇಕು. 60,000ಕ್ಕೆ ಶೇ 12 ಎಂದರೆ 7,200. ಕಂಪನಿಯ ಪಾಲು ಸಿಟಿಸಿಯೊಳಗೇ ಇರುವುದರಿಂದ, ಲೆಕ್ಕ ಬಿಡಿಸಿ ನೋಡಿದರೆ ಎರಡೂ ಪಾಲು ನಿಮ್ಮ ಪ್ಯಾಕೇಜಿನಿಂದಲೇ ಹೋಗುತ್ತದೆ. ಆದರೆ ಇದು ಕಳೆದುಹೋದ ಹಣವಲ್ಲ. ಪಿಎಫ್ ಪಾಸ್‌ಬುಕ್ಕಿನಲ್ಲಿ ನಿಮ್ಮ ಹೆಸರಿನಲ್ಲೇ ಬೆಳೆಯುತ್ತಿರುತ್ತದೆ. 2024-25ಕ್ಕೆ ಅದರ ಬಡ್ಡಿ ಶೇ 8.25 ಇತ್ತು. ಪೇ ಸ್ಲಿಪ್ಪಿನಲ್ಲಿ ಕಡಿತವಾದ ಹಣ ಪಾಸ್‌ಬುಕ್ಕಿಗೆ ಬಂದಿದೆಯೇ ಎಂದು ಆಗಾಗ ನೋಡುತ್ತಿರಿ. ಕಡಿತ ಮಾಡಿ ಕಟ್ಟದೇ ಉಳಿಸಿಕೊಳ್ಳುವ ಮಾಲೀಕರು ಇದ್ದಾರೆ.

ಎರಡನೆಯದು ವೃತ್ತಿ ತೆರಿಗೆ. ಇದು ರಾಜ್ಯ ಸರ್ಕಾರದ್ದು. ಕರ್ನಾಟಕದಲ್ಲಿ ತಿಂಗಳಿಗೆ 25,000 ಅಥವಾ ಅದಕ್ಕಿಂತ ಹೆಚ್ಚು ಸಂಬಳ ಇದ್ದವರಿಗೆ 200 ರೂಪಾಯಿ. 2025ರ ಏಪ್ರಿಲ್‌ನಿಂದ ಫೆಬ್ರುವರಿಯಲ್ಲಿ ಮಾತ್ರ 300. ಆ ಒಂದು ತಿಂಗಳು ನೂರು ರೂಪಾಯಿ ಜಾಸ್ತಿ ಯಾಕೆ ಹೋಯಿತು ಎಂದು ತಲೆ ಕೆಡಿಸಿಕೊಳ್ಳುವವರಿಗೆ ಉತ್ತರ ಸಂವಿಧಾನದಲ್ಲಿದೆ. 276ನೇ ವಿಧಿಯ ಪ್ರಕಾರ ಒಬ್ಬರಿಂದ ವರ್ಷಕ್ಕೆ 2,500ಕ್ಕಿಂತ ಹೆಚ್ಚು ವೃತ್ತಿ ತೆರಿಗೆ ವಸೂಲು ಮಾಡುವಂತಿಲ್ಲ. ಹನ್ನೊಂದು ತಿಂಗಳಿಗೆ 2,200, ಮೇಲೊಂದು 300 ಸೇರಿದರೆ ಸರಿಯಾಗಿ 2,500.

1,02,000ದಲ್ಲಿ 7,200 ಮತ್ತು 200 ಕಳೆದರೆ 94,600. ಮೂರನೆಯ ಕಡಿತ, ಅಂದರೆ ಟಿಡಿಎಸ್, ಏಪ್ರಿಲ್‌ನ ಸ್ಲಿಪ್ಪಿನಲ್ಲಿ ಸೊನ್ನೆ. ಅದು ಸೊನ್ನೆಯಾದದ್ದು ಯಾಕೆ, ಮತ್ತು ಎಷ್ಟು ದಿನ ಸೊನ್ನೆಯಾಗಿಯೇ ಇರುತ್ತದೆ ಎನ್ನುವುದೇ ಈ ಲೆಕ್ಕದ ಗಂಟು.

ನೀವು ಬೇರೆ ಹೇಳದಿದ್ದರೆ ಕಂಪನಿ ಹೊಸ ತೆರಿಗೆ ಪದ್ಧತಿಯಲ್ಲೇ ಲೆಕ್ಕ ಹಾಕುತ್ತದೆ. ಅದರಲ್ಲಿ ಮನೆ ಬಾಡಿಗೆ ಭತ್ಯೆಗೆ ವಿನಾಯಿತಿ ಇಲ್ಲ, ನೀವು ಕಟ್ಟಿದ ಪಿಎಫ್‌ಗೂ ಇಲ್ಲ, ವೃತ್ತಿ ತೆರಿಗೆಗೂ ಇಲ್ಲ. ಬಾಡಿಗೆ ರಸೀದಿ ಕೊಟ್ಟರೂ ಉಪಯೋಗವಿಲ್ಲ. ಸಿಗುವುದು ಮುಖ್ಯವಾಗಿ ಒಂದೇ, 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್. 12,24,000ದಲ್ಲಿ ಅದನ್ನು ಕಳೆದರೆ 11,49,000. 2025-26ರ ದರದಂತೆ ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ, ಮುಂದಿನ 4 ಲಕ್ಷಕ್ಕೆ ಶೇ 5, ಅದರ ಮುಂದಿನ 4 ಲಕ್ಷಕ್ಕೆ ಶೇ 10. ಹಾಗೆ ನೋಡಿದರೆ 54,900 ತೆರಿಗೆ ಆಗಬೇಕಿತ್ತು. ಆದರೆ ತೆರಿಗೆಗೆ ಒಳಪಡುವ ಆದಾಯ 12 ಲಕ್ಷ ಮೀರದಿದ್ದರೆ ಅಷ್ಟೂ ರಿಬೇಟ್ ಆಗಿ ಮನ್ನಾ. ಟಿಡಿಎಸ್ ಸೊನ್ನೆಯಾದದ್ದು ಹೀಗೆ.

ಈಗ ಮಾರ್ಚ್ ಬರುತ್ತದೆ, ಜೊತೆಗೆ ವೇರಿಯಬಲ್ ಪೇ 1,50,000 ಪೂರ್ತಿಯಾಗಿ ಬರುತ್ತದೆ. ತೆರಿಗೆಗೆ ಒಳಪಡುವ ಆದಾಯ 12,99,000ಕ್ಕೆ ಏರಿತು. 12 ಲಕ್ಷದ ಗೆರೆ ದಾಟಿದ್ದರಿಂದ ಅದುವರೆಗೆ ಮನ್ನಾ ಆಗಿದ್ದ ತೆರಿಗೆಯೂ ಎದ್ದು ಬರುತ್ತದೆ. 12 ಲಕ್ಷದವರೆಗಿನ ಭಾಗಕ್ಕೆ 60,000, ಮೇಲಿನ 99,000ಕ್ಕೆ ಶೇ 15ರಂತೆ 14,850, ಒಟ್ಟು 74,850. ಇದರ ಮೇಲೆ ಶೇ 4 ಸೆಸ್ ಸೇರಿ 77,844. ವರ್ಷದ ತೆರಿಗೆಯನ್ನು ಕಂಪನಿ ಆ ವರ್ಷದೊಳಗೇ ಕಡಿತ ಮಾಡಿ ಮುಗಿಸಬೇಕು, ಉಳಿದಿರುವುದು ಮಾರ್ಚ್ ಒಂದೇ. ಹಾಗಾಗಿ ಒಂದೂವರೆ ಲಕ್ಷದ ಬೋನಸ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ತಿಂಗಳು ತೆರಿಗೆಗೆ ಹೋಗಿ, ಉಳಿಯುವುದು 72,156. ಬೋನಸ್ ಬಂದ ಖುಷಿಯಲ್ಲಿ ಬೈಕಿಗೆ ಮುಂಗಡ ಕೊಟ್ಟಿದ್ದವನ ಪಾಡು ಊಹಿಸಿಕೊಳ್ಳಿ.

ಕೆಲವು ಕಂಪನಿಗಳು ಬೋನಸ್ ಬರುತ್ತದೆಂದು ಮೊದಲೇ ಅಂದಾಜಿಸಿ ಏಪ್ರಿಲ್‌ನಿಂದಲೇ ತಿಂಗಳಿಗೆ 6,487ರಂತೆ ಕಡಿತ ಮಾಡುತ್ತವೆ. ಆಗ ಪ್ರತಿ ತಿಂಗಳು ಕೈಗೆ ಬರುವುದು 88,113. ಒಂದೇ ಪ್ಯಾಕೇಜಿನ ಇಬ್ಬರು ಗೆಳೆಯರ ಸಂಬಳದಲ್ಲಿ ಆರು ಸಾವಿರ ವ್ಯತ್ಯಾಸ ಕಂಡರೆ ಕಾರಣ ಇದೂ ಇರಬಹುದು. ಆದ್ದರಿಂದ ಎಚ್‌ಆರ್ ಅನ್ನು ಕೇಳಬೇಕಾದದ್ದು ‘ಕೈಗೆ ಎಷ್ಟು ಬರುತ್ತದೆ’ ಎಂದಷ್ಟೇ ಅಲ್ಲ, ‘ವೇರಿಯಬಲ್ ಯಾವ ತಿಂಗಳು ಕೊಡುತ್ತೀರಿ, ಅದರ ಟಿಡಿಎಸ್ ಯಾವಾಗಿನಿಂದ ಹಿಡಿಯುತ್ತೀರಿ’ ಎಂದು.

ಕೈಗೆ ಬರುವ ಹಣ ಹೆಚ್ಚಿಸಿಕೊಳ್ಳಲು ಹಲವರು ಹಿಡಿಯುವ ದಾರಿ ಪಿಎಫ್ ತಗ್ಗಿಸುವುದು. ಕಾನೂನು ಕಡ್ಡಾಯ ಮಾಡಿರುವುದು 15,000 ವೇತನದ ಮೇಲಿನ ಶೇ 12, ಅಂದರೆ 1,800 ಮಾತ್ರ. ಸೇರುವಾಗ ಈ ಆಯ್ಕೆ ಕೊಡುವ ಕಂಪನಿಗಳಿವೆ. ಆಮೇಲೆ ಬದಲಿಸುವುದು ಕಷ್ಟ. ಹಾಗೆ ಮಾಡಿದರೆ ಕಂಪನಿ ಪಾಲಿನಲ್ಲಿ ಉಳಿದ 64,800 ವಿಶೇಷ ಭತ್ಯೆಗೆ ಸೇರಿ ವರ್ಷದ ಸಂಬಳ 12,88,800 ಆಗುತ್ತದೆ. ಪಿಎಫ್‌ಗೆ ಕಂಪನಿ ಹಾಕುವ ಪಾಲಿಗೆ ತೆರಿಗೆ ಇರಲಿಲ್ಲ, ಭತ್ಯೆಗೆ ಇದೆ. ಬೋನಸ್ ಬಾರದಿದ್ದರೂ ತೆರಿಗೆಯ ಆದಾಯ 12,13,800 ಆಗಿ ಗೆರೆ ದಾಟುತ್ತದೆ. ಇಲ್ಲೊಂದು ಸಣ್ಣ ರಕ್ಷಣೆ ಇದೆ. ಗೆರೆಯನ್ನು ಸ್ವಲ್ಪ ದಾಟಿದವರ ತೆರಿಗೆ, ದಾಟಿದ ಮೊತ್ತಕ್ಕಿಂತ ಹೆಚ್ಚಾಗುವಂತಿಲ್ಲ. ಹಾಗಾಗಿ 13,800 ಮತ್ತು ಸೆಸ್ ಸೇರಿ 14,352. ಕೈಗೆ ಬರುವುದು ತಿಂಗಳಿಗೆ ಸರಾಸರಿ 1,04,000 ಆಗುತ್ತದೆ ನಿಜ, ಆದರೆ ಪಿಎಫ್ ಖಾತೆಗೆ ವರ್ಷಕ್ಕೆ ಬೀಳುವುದು 1,29,600ರಷ್ಟು ಕಡಿಮೆ. ಊರಿನಲ್ಲಿ ಸಾಲ ತೀರಿಸಬೇಕಾದವರಿಗೆ ಇದು ಸರಿಹೋಗಬಹುದು. ಹಣ ಕೈಯಲ್ಲಿದ್ದರೆ ಖರ್ಚಾಗಿಬಿಡುತ್ತದೆ ಎಂದು ಗೊತ್ತಿರುವವರು ಬೇಸಿಕ್‌ನ ಮೇಲೆ ಪೂರ್ತಿ ಪಿಎಫ್ ಕಟ್ಟುವುದೇ ಮೇಲು.

ಇನ್ನೊಂದು ದಾರಿ ಎನ್‌ಪಿಎಸ್. ಕಂಪನಿ ತನ್ನ ಕಡೆಯಿಂದ ನೌಕರನ ಎನ್‌ಪಿಎಸ್ ಖಾತೆಗೆ ಬೇಸಿಕ್‌ನ ಶೇ 14ರವರೆಗೆ ಹಾಕಿದರೆ ಹೊಸ ಪದ್ಧತಿಯಲ್ಲೂ ಅದಕ್ಕೆ ತೆರಿಗೆಯಿಲ್ಲ. ನಮ್ಮ ಉದಾಹರಣೆಯಲ್ಲಿ ಅದು ತಿಂಗಳಿಗೆ 8,400, ವರ್ಷಕ್ಕೆ 1,00,800. ವಿಶೇಷ ಭತ್ಯೆಯಿಂದ ಅಷ್ಟನ್ನು ಅತ್ತ ತಿರುಗಿಸಿದರೆ, ಬೋನಸ್ ಪೂರ್ತಿ ಬಂದರೂ ತೆರಿಗೆಯ ಆದಾಯ 11,98,200. ತೆರಿಗೆ ಸೊನ್ನೆ. ತಿಂಗಳಿಗೆ ಕೈಗೆ ಬರುವುದು 86,200ಕ್ಕೆ ಇಳಿಯುತ್ತದೆ. ಆದರೆ ಬೋನಸ್ ಸೇರಿಸಿ ಇಡೀ ವರ್ಷ ನೋಡಿದರೆ ಕೈಯಿಂದ ತಪ್ಪುವುದು 22,956 ಮಾತ್ರ, ಎನ್‌ಪಿಎಸ್‌ನಲ್ಲಿ ಕೂಡುವುದು ಲಕ್ಷದ ಮೇಲೆ. ಆ ಹಣ ಬಹುಮಟ್ಟಿಗೆ ನಿವೃತ್ತಿಯವರೆಗೆ ಕೈಗೆಟುಕದು ಎನ್ನುವುದನ್ನು ಒಪ್ಪಿಕೊಂಡೇ ಇದಕ್ಕೆ ಹೋಗಬೇಕು. ಜೊತೆಗೆ ಗೆರೆಗೂ ಈ ಆದಾಯಕ್ಕೂ ಅಂತರ ಬರೀ 1,800 ರೂಪಾಯಿ. ಉಳಿತಾಯ ಖಾತೆಯ ಬಡ್ಡಿ, ಠೇವಣಿಯ ಬಡ್ಡಿ ಕಂಪನಿಗೆ ಗೊತ್ತಿರುವುದಿಲ್ಲ, ಆದರೆ ರಿಟರ್ನ್ ಸಲ್ಲಿಸುವಾಗ ಅವೂ ಸೇರುತ್ತವೆ.

ಕಂಪನಿಗೆ ಗೊತ್ತಿಲ್ಲದ ಇನ್ನೊಂದು ಆದಾಯವೆಂದರೆ ವರ್ಷದ ನಡುವೆ ಬಿಟ್ಟುಬಂದ ಕೆಲಸದ್ದು. ಮೊದಲ ಆರು ತಿಂಗಳು ಒಂದು ಕಡೆ 5 ಲಕ್ಷ, ಉಳಿದ ಆರು ತಿಂಗಳು ಇನ್ನೊಂದು ಕಡೆ 9 ಲಕ್ಷ ಬಂತು ಎಂದುಕೊಳ್ಳಿ. ಹಳೆಯ ಸಂಬಳದ ವಿವರ ಕೊಡದಿದ್ದರೆ ಹೊಸ ಕಂಪನಿ ತನ್ನ 9 ಲಕ್ಷವನ್ನಷ್ಟೇ ನೋಡುತ್ತದೆ. ಎರಡೂ ಕಡೆ 75,000ದ ಡಿಡಕ್ಷನ್, ಎರಡೂ ಕಡೆ ರಿಬೇಟ್, ಎರಡೂ ಕಡೆ ಟಿಡಿಎಸ್ ಸೊನ್ನೆ. ವರ್ಷವಿಡೀ ಕೈಗೆ ಬಂದ ಸಂಬಳ ಹಿತವಾಗಿಯೇ ಇರುತ್ತದೆ. ಜುಲೈನಲ್ಲಿ ರಿಟರ್ನ್ ತುಂಬಲು ಕೂತಾಗ 14 ಲಕ್ಷ ಒಟ್ಟಾಗಿ, ಡಿಡಕ್ಷನ್ ಒಂದೇ ಸಲ ಸಿಕ್ಕಿ, 13,25,000ಕ್ಕೆ 81,900 ತೆರಿಗೆ ಎಂದು ಪರದೆಯ ಮೇಲೆ ಬರುತ್ತದೆ. ಮುಂಗಡವಾಗಿ ಕಟ್ಟದ ತಪ್ಪಿಗೆ ಅದರ ಮೇಲೆ ಬಡ್ಡಿ ಬೇರೆ. ಹೊಸ ಕಂಪನಿಗೆ ಸೇರಿದ ವಾರದಲ್ಲೇ ಹಳೆಯ ಪೇ ಸ್ಲಿಪ್ಪುಗಳನ್ನು ಕೊಟ್ಟರೆ ಇದೇ ತೆರಿಗೆ ಆರು ತಿಂಗಳಿಗೆ ಹಂಚಿ, ತಿಂಗಳಿಗೆ 13,650ರಂತೆ ಕಡಿತವಾಗುತ್ತದೆ.