ನಾಲ್ಕು ನೇರ ಗೆರೆಗಳಲ್ಲಿ ಜೋಲುವ ಹಗ್ಗ

ಎರಡು ಕಂಬಗಳ ನಡುವೆ ಬಿಗಿದ ಹಗ್ಗದ ಮೇಲೆ ಒದ್ದೆ ಸೀರೆಯನ್ನು ಉದ್ದಕ್ಕೂ ಹರವಿದರೆ ಹಗ್ಗ ತುಸು ಜೋಲುತ್ತದೆ. ಎಲ್ಲಿ ಎಷ್ಟು ಜೋಲಿತು? ಉದ್ದ, ಬಿಗಿತ, ಭಾರ ಮೂರನ್ನೂ 1 ಎಂದು ಅಳೆದುಕೊಂಡರೆ ಈ ಪ್ರಶ್ನೆ −u″ = 1 ಎಂಬ ಸಮೀಕರಣವಾಗುತ್ತದೆ. ತುದಿಗಳನ್ನು ಕಂಬಕ್ಕೆ ಕಟ್ಟಿರುವುದರಿಂದ u(0) = u(1) = 0. ಇದರ ಉತ್ತರ ಕಾಗದದ ಮೇಲೇ ಸಿಗುತ್ತದೆ: u = x(1−x)/2. ಬೇಕೆಂದೇ ಇಷ್ಟು ಸುಲಭದ್ದನ್ನು ಆರಿಸಿದ್ದೇನೆ. ಫೈನೈಟ್ ಎಲಿಮೆಂಟ್ ವಿಧಾನ ಕೊಡುವ ಉತ್ತರವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ವಿಧಾನದ ಆಸೆ ಸರಳ. ಹಗ್ಗವನ್ನು 4 ಸಮ ತುಂಡು ಮಾಡಿ, ಪ್ರತಿ ತುಂಡನ್ನೂ ನೇರ ಗೆರೆ ಎಂದುಕೊಳ್ಳುವುದು. ಆದರೆ ನೇರ ಗೆರೆಯ ಎರಡನೇ ಅವಕಲನ ಸೊನ್ನೆ. ಸಮೀಕರಣಕ್ಕೆ ಹಾಕಿದರೆ 0 = 1 ಎಂದು ಬರುತ್ತದೆ! ಗೆರೆಗಳು ಕೂಡುವ ಮೂಲೆಯಲ್ಲಂತೂ ಆ ಅವಕಲನವೇ ಇಲ್ಲ.

ಇಲ್ಲಿಯೇ ಇಡೀ ವಿಧಾನದ ಜೀವಾಳವಿರುವುದು. ತುದಿಗಳಲ್ಲಿ ಸೊನ್ನೆಯಾಗುವ ಯಾವುದೋ ಒಂದು v ಯಿಂದ ಸಮೀಕರಣವನ್ನು ಗುಣಿಸಿ, ಹಗ್ಗದ ಉದ್ದಕ್ಕೂ ಕೂಡಿಸಿ, ಪಿಯುಸಿಯಲ್ಲಿ ಕಲಿತ ಭಾಗಶಃ ಅನುಕಲನ ಮಾಡಿದರೆ ಸಿಗುವುದು:

∫u′v′ dx = ∫v dx

u ಹೊತ್ತಿದ್ದ ಎರಡು ಅವಕಲನಗಳಲ್ಲಿ ಒಂದು v ಯ ಹೆಗಲಿಗೆ ದಾಟಿತು. ಈಗ u ಗೆ ಇಳಿಜಾರು ಇದ್ದರೆ ಸಾಕು, ಅದು ನೇರ ಗೆರೆಗೂ ಇದೆ. u ನಿಂದ ಕಡಿಮೆ ಕೇಳುವುದರಿಂದ ಇದಕ್ಕೆ ದುರ್ಬಲ ರೂಪ ಎಂಬ ಹೆಸರು. ಭೌತಿಕವಾಗಿ v ಎಂದರೆ ಹಗ್ಗವನ್ನು ಮನಸ್ಸಿನಲ್ಲೇ ಕೊಂಚ ಅಲುಗಿಸುವುದು. ಹಾಗೆ ಹೇಗೆ ಅಲುಗಿಸಿದರೂ ಭಾರ ಮಾಡುವ ಕೆಲಸ ಹಗ್ಗದ ಸೆಳೆತಕ್ಕೆ ಸರಿಹೊಂದಬೇಕು.

ಎಲ್ಲ v ಗಳನ್ನೂ ಪರೀಕ್ಷಿಸಲಾಗದು, ಮೂರನ್ನು ಆರಿಸೋಣ. ಒಳಗಿನ ಮೂರು ಕೂಡುಬಿಂದುಗಳ ಮೇಲೆ ಒಂದೊಂದು ಡೇರೆ ನೆಟ್ಟಂತೆ: ತನ್ನ ಬಿಂದುವಿನಲ್ಲಿ ಎತ್ತರ 1, ಅಕ್ಕಪಕ್ಕದ ಬಿಂದುಗಳಲ್ಲಿ 0. (ಇಂಥ ತುಂಡು ನೇರ ಆಕಾರಗಳನ್ನು ಕೂರಾಂಟ್ 1943ರಲ್ಲೇ ಬಳಸಿದ್ದರು, ವಿಧಾನಕ್ಕೆ ಈಗಿನ ಹೆಸರಿಟ್ಟವರು ಕ್ಲಫ್, 1960ರಲ್ಲಿ.) ಮೂರು ಬಿಂದುಗಳ ಜೋಲನ್ನು a, b, c ಎನ್ನೋಣ. ಡೇರೆಯ ಇಳಿಜಾರು +4 ಅಥವಾ −4. ಡೇರೆಯನ್ನು ಅದರೊಂದಿಗೇ ಗುಣಿಸಿ ಕೂಡಿಸಿದರೆ 16 × ½ = 8. ಪಕ್ಕದ ಡೇರೆಯೊಂದಿಗೆ ಒಂದೇ ತುಂಡಿನ ಒಡನಾಟ, ಅಲ್ಲಿ −16 × ¼ = −4. ದೂರದ್ದರೊಂದಿಗೆ ಸೊನ್ನೆ. ಬಲಗಡೆಗೆ ಡೇರೆಯ ವಿಸ್ತೀರ್ಣ, ¼.

```
[ 8 -4  0] [a]   [1/4]
[-4  8 -4] [b] = [1/4]
[ 0 -4  8] [c]   [1/4]
```

ಬಿಡಿಸಿದರೆ a = c = 3/32, b = 1/8. ನಿಜವಾದ ಉತ್ತರವೂ ಆ ಬಿಂದುಗಳಲ್ಲಿ ಅಷ್ಟೇ. ಇದು ಈ ಸರಳ ಸಮೀಕರಣದ ವಿಶೇಷ ಗುಣ, ಬೇರೆಡೆ ನಿರೀಕ್ಷಿಸಬಾರದು. ಬಿಂದುಗಳ ನಡುವೆ ವ್ಯತ್ಯಾಸ ಉಳಿದೇ ಇದೆ: x = 1/8 ರಲ್ಲಿ ನಿಜ 7/128, ನಮ್ಮದು 6/128. 8 ತುಂಡು ಮಾಡಿದರೆ ಈ ತಪ್ಪು ಕಾಲು ಭಾಗಕ್ಕೆ, 1/512ಕ್ಕೆ ಇಳಿಯುತ್ತದೆ.

ಹೊಸಬರು ಪ್ರೋಗ್ರಾಮ್ ಬರೆಯುವಾಗ ಎಡವುವುದು ತುದಿಗಳಲ್ಲಿ. ಐದೂ ಬಿಂದುಗಳನ್ನು ಸೇರಿಸಿ 5×5 ಮ್ಯಾಟ್ರಿಕ್ಸ್ ಕಟ್ಟಿ, u(0) = u(1) = 0 ಎಂಬುದನ್ನು ಹೇರಲು ಮರೆತರೆ, ಪ್ರತಿ ಸಾಲಿನ ಸಂಖ್ಯೆಗಳನ್ನು ಕೂಡಿಸಿದಾಗಲೂ ಸೊನ್ನೆ ಬರುತ್ತದೆ. ಅಂದರೆ ಇಡೀ ಹಗ್ಗವನ್ನು ಎಷ್ಟು ಕೆಳಗಿಳಿಸಿದರೂ ಮ್ಯಾಟ್ರಿಕ್ಸ್‌ಗೆ ಗೊತ್ತಾಗುವುದಿಲ್ಲ. ಕಂಬವಿಲ್ಲದ ಹಗ್ಗಕ್ಕೆ ಸೀರೆ ಹರವಿದ ಹಾಗೆ. ಕಂಪ್ಯೂಟರ್ ಒಂದೋ ನಿರಾಕರಿಸುತ್ತದೆ, ಇಲ್ಲವೇ ಅಸಂಬದ್ಧವಾದ ದೊಡ್ಡ ಸಂಖ್ಯೆಗಳನ್ನು ಚೆಲ್ಲುತ್ತದೆ. ಮೊದಲ ಮತ್ತು ಕೊನೆಯ ಸಾಲನ್ನೂ ಕಂಬಸಾಲನ್ನೂ ತೆಗೆದರೆ ಉಳಿಯುವುದು ಮೇಲಿನ 3×3 ಮ್ಯಾಟ್ರಿಕ್ಸೇ.